ಫೋಟೊದಲ್ಲಿರುವ ಕಾಗೆ ಯಾವುದು?

ಚನ್ನಗಿರಿ ಕಡೆಯ ಅಡಿಕೆ ತೋಟದೊಳಗೆ ನಿಂತು, ಮೊಬೈಲನ್ನು ಮೇಲಕ್ಕೆ ಹಿಡಿದು ತೆಗೆದ ಫೋಟೊದಲ್ಲಿ ಎಲ್ಲ ಕಾಗೆಗಳೂ ಕಾಡುಕಾಗೆಗಳೇ ಆಗಿಬಿಡುತ್ತವೆ. ಜಗಳೂರಿನ ಬಯಲಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ತೆಗೆದ ಫೋಟೊದಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಅಪ್ಪಟ ಕಾಡುಕಾಗೆಯ ಕತ್ತೂ ಬೂದಿ ಬಳಿದ ಹಾಗೆ ಕಾಣುತ್ತದೆ. ಎರಡೂ ಊರು ಒಂದೇ ಜಿಲ್ಲೆಯಲ್ಲಿವೆ, ಕಾಗೆಗಳೂ ಅವೇ. ಬದಲಾದದ್ದು ಬೆಳಕು ಮಾತ್ರ.

ಎದುರಿಗೆ ಜೀವಂತ ಹಕ್ಕಿ ಇದ್ದಾಗ ಈ ಗೊಂದಲ ಹೆಚ್ಚು ಹೊತ್ತು ಉಳಿಯುವುದಿಲ್ಲ. ಕಾಗೆ ಹಾರಿ ಇನ್ನೊಂದು ಕೊಂಬೆಗೆ ಹೋಗುತ್ತದೆ, ತಲೆ ತಿರುಗಿಸುತ್ತದೆ, ಕೂಗುತ್ತದೆ. ಒಂದೇ ಫೋಟೊ ಮಾತ್ರ ಕೈಯಲ್ಲಿದ್ದರೆ ಈ ಅನುಕೂಲ ಯಾವುದೂ ಇಲ್ಲ. ಆಗ ನಮಗೆ ಸಿಗುವ ಸಾಕ್ಷಿಗಳು ಮೂರು: ಕತ್ತಿನ ಬಣ್ಣ, ಕೊಕ್ಕಿನ ಆಕಾರ, ಮೈಯ ಗಾತ್ರ. ನೋಡುವವರ ಕಣ್ಣು ಮೊದಲು ಹೋಗುವುದು ಬಣ್ಣದ ಮೇಲೆ, ಆಮೇಲೆ ಗಾತ್ರದ ಮೇಲೆ. ಕೊಕ್ಕನ್ನು ಕೊನೆಗೆ ನೋಡುತ್ತಾರೆ, ಹಲವರು ನೋಡುವುದೂ ಇಲ್ಲ. ನನ್ನ ಪ್ರಕಾರ ಈ ಕ್ರಮವೇ ತಪ್ಪು. ಬಣ್ಣವನ್ನು ಬೆಳಕು ಕೆಡಿಸುತ್ತದೆ, ಗಾತ್ರವನ್ನು ದೂರ ಕೆಡಿಸುತ್ತದೆ. ಪಕ್ಕದಿಂದ ಕಂಡ ಕೊಕ್ಕಿನ ಅಂಚನ್ನು ಎರಡೂ ಅಷ್ಟು ಸುಲಭವಾಗಿ ಕೆಡಿಸಲಾರವು.

ಮೊದಲು ಬಣ್ಣದ ವಿಚಾರ. ಊರುಕಾಗೆಯ ಹಣೆ, ನೆತ್ತಿ, ಗಂಟಲು ಕಪ್ಪು. ಕತ್ತಿನ ಹಿಂಭಾಗ, ಪಕ್ಕ ಮತ್ತು ಎದೆಯ ಮೇಲ್ಭಾಗ ಬೂದು. ರೆಕ್ಕೆ, ಬಾಲ ಮತ್ತೆ ಕಪ್ಪು. ಮುಖ್ಯವಾದದ್ದು ಬೂದು ಇದೆಯೋ ಇಲ್ಲವೋ ಎಂಬುದಕ್ಕಿಂತ ಅದು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ ಎಂಬುದು. ಕಪ್ಪು ನೆತ್ತಿ ಮುಗಿದು ಬೂದು ಕತ್ತು ಶುರುವಾಗುವ ಕಡೆ ಒಂದು ಗಡಿ ಕಾಣಬೇಕು. ಕಪ್ಪು ಗಂಟಲು ಮುಗಿದು ಎದೆ ಶುರುವಾಗುವಲ್ಲಿ ಇನ್ನೊಂದು ಗಡಿ. ಕಾಡುಕಾಗೆಗೆ ಈ ಗಡಿಗಳೇ ಇಲ್ಲ. ಅದು ಅಡಿಯಿಂದ ಮುಡಿಯವರೆಗೆ ಕಪ್ಪು, ಮೇಲೆ ನೀಲಿ-ನೇರಳೆಯ ಹೊಳಪು.

ತೊಂದರೆ ಕೊಡುವುದೂ ಆ ಹೊಳಪೇ. ಜಗಳೂರಿನ ಬಿಸಿಲು ಹಕ್ಕಿಯ ಬೆನ್ನ ಮೇಲೆ ನೇರವಾಗಿ ಬಿದ್ದಾಗ ಆ ಹೊಳಪು ಫೋಟೊದಲ್ಲಿ ಬಿಳಿಚಿಕೊಂಡು, ಕತ್ತಿನ ಮೇಲೆ ಬೂದು ಪಟ್ಟಿಯಂತೆ ಕೂರುತ್ತದೆ. ಇದು ಬಣ್ಣವೋ ಹೊಳಪೋ ಎಂದು ತಿಳಿಯಲು ಬೇರೆ ಯಾವ ಉಪಕರಣವೂ ಬೇಡ, ಅದೇ ಹಕ್ಕಿಯ ರೆಕ್ಕೆ ಸಾಕು. ಕತ್ತಿನ ಮೇಲೆ ಬಿದ್ದ ಬಿಸಿಲೇ ರೆಕ್ಕೆಯ ಮೇಲೂ ಬಿದ್ದಿರುವ ಜಾಗ ಹುಡುಕಿ. ಅಲ್ಲಿ ರೆಕ್ಕೆಯೂ ಅಷ್ಟೇ ಬಿಳಿಚಿಕೊಂಡಿದ್ದರೆ ಅದು ಹೊಳಪು. ರೆಕ್ಕೆ ಕಪ್ಪಾಗಿಯೇ ಇದ್ದು ಕತ್ತು ಮಾತ್ರ ಬೂದಾಗಿದ್ದರೆ ಅದು ಬಣ್ಣ. ಇನ್ನೊಂದು ಗುರುತೂ ಇದೆ. ಹೊಳಪು ಬಿಸಿಲಿಗೆ ಮುಖ ಮಾಡಿದ ಕಡೆ ಮಾತ್ರ ಇರುತ್ತದೆ, ನೆರಳಿನ ಕಡೆಗೆ ದಾಟುವುದಿಲ್ಲ. ಊರುಕಾಗೆಯ ಬೂದು ಕತ್ತನ್ನು ಸುತ್ತಿ ಎದೆಗೆ ಇಳಿಯುತ್ತದೆ, ನೆರಳಿನಲ್ಲೂ ಮಬ್ಬಾಗಿಯಾದರೂ ಉಳಿದಿರುತ್ತದೆ.

ಚನ್ನಗಿರಿಯ ತೋಟದ ಫೋಟೊಗೆ ಮದ್ದು ಬೇರೆ. ಅಲ್ಲಿ ಹಿಂದೆ ಬೆಳ್ಳಗಿನ ಆಕಾಶ, ಮುಂದೆ ನೆರಳಿನಲ್ಲಿ ಹಕ್ಕಿ. ಮೊಬೈಲು ಆಕಾಶಕ್ಕೆ ಹೊಂದಿಕೊಂಡು ಹಕ್ಕಿಯನ್ನು ಕಪ್ಪಾಗಿಸುತ್ತದೆ. ಆದರೆ ಕಪ್ಪೆಂದು ಕಂಡದ್ದರೊಳಗೆ ಮಾಹಿತಿ ಸತ್ತಿರುವುದಿಲ್ಲ. ಮೊಬೈಲಿನ ಎಡಿಟಿಂಗ್‌ನಲ್ಲಿ ಇಡೀ ಚಿತ್ರದ ಬೆಳಕನ್ನು ಏರಿಸದೆ, ನೆರಳಿನ ಭಾಗವನ್ನಷ್ಟೇ ಏರಿಸಿದರೆ ಊರುಕಾಗೆಯಾಗಿದ್ದ ಪಕ್ಷದಲ್ಲಿ ನೆತ್ತಿಗೂ ಕತ್ತಿಗೂ ನಡುವಿನ ಆ ಗಡಿ ನಿಧಾನವಾಗಿ ಎದ್ದು ಬರುತ್ತದೆ. ಇದಕ್ಕೆ ಮೂಲ ಫೋಟೊವೇ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಬಂದದ್ದು ಸಂಕುಚನಗೊಂಡಿರುತ್ತದೆ, ಅದರ ಕಪ್ಪು ಭಾಗಗಳನ್ನು ಏರಿಸಿದರೆ ಚೌಕ ಚೌಕವಾದ ಕಲೆಗಳು ಕಾಣಿಸಿಕೊಂಡು ಇಲ್ಲದ ಬೂದನ್ನೂ ತೋರಿಸುತ್ತವೆ. ಕಳಿಸುವವರಿಗೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳುವುದು ಒಳ್ಳೆಯದು.

ಬೂದಿನ ಗಾಢತೆಯನ್ನು ಇಂಟರ್ನೆಟ್ಟಿನ ಚಿತ್ರಗಳ ಜೊತೆ ಹೋಲಿಸಬೇಡಿ. ವಾಯವ್ಯ ಭಾರತ ಮತ್ತು ಪಾಕಿಸ್ತಾನದ ಒಣ ಸೀಮೆಯ ಊರುಕಾಗೆಯ ಕತ್ತು ಬಹಳ ತಿಳಿ. ದಕ್ಷಿಣದ ತುದಿಗೆ, ಶ್ರೀಲಂಕಾದ ಕಡೆಗೆ ಹೋದಂತೆ ಅದು ಗಾಢವಾಗುತ್ತದೆ. ಮರಿಗಳಲ್ಲೂ ಬೂದು ಮಂಕು.

ಈಗ ಗಾತ್ರಕ್ಕೆ ಬರೋಣ. ಹೊನ್ನಾಳಿಯ ಹೊಳೆ ದಡದಲ್ಲಿ ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ತೆಗೆದ ಒಂದು ಫೋಟೊವನ್ನು ನಮ್ಮ ಅಕ್ಕನ ಮಗ ತೋರಿಸಿದ. ಬಾಳೆ ಎಲೆ, ಎಲೆಯ ಮೇಲೆ ಪಿಂಡ, ಸುತ್ತ ಮೂರು ಕಾಗೆ. ಎಲೆಯ ಈಚೆ ಮುಂದೆ ನಿಂತದ್ದು ದೊಡ್ಡದಾಗಿ, ಕಪ್ಪಾಗಿ ಕಾಣುತ್ತದೆ. ಎಲೆಯ ಆಚೆಗಿರುವುದು ಚಿಕ್ಕದು, ಕತ್ತು ಸ್ಪಷ್ಟವಾಗಿ ಬೂದು. ಮೂರನೆಯದು ಇನ್ನೂ ಹಿಂದೆ, ಮೆಟ್ಟಿಲಿನ ಮೇಲೆ ಪಕ್ಕಕ್ಕೆ ತಿರುಗಿ ಕೂತಿದೆ.

"ಮಾಮ, ಮುಂದಿರೋದು ಕಾಡುಕಾಗೆನೇ. ಗಾತ್ರ ನೋಡ್ರಿ ಎಷ್ಟೈತಿ, ಹಿಂದಿನದು ಅದರ ಮುಂದೆ ಏನೂ ಅಲ್ಲ," ಅಂದ.

ಅವನು ಹೇಳಿದ್ದು ಸಹಜ. ಆದರೆ ಲೆಕ್ಕ ಹಾಕಿ ನೋಡಿ. ಊರುಕಾಗೆ ಕೊಕ್ಕಿನಿಂದ ಬಾಲದ ತುದಿಯವರೆಗೆ ಹೆಚ್ಚೆಂದರೆ ಸುಮಾರು 43 ಸೆಂ.ಮೀ. ನಮ್ಮ ಕಡೆಯ ಕಾಡುಕಾಗೆ 48 ಸೆಂ.ಮೀ. ಆಸುಪಾಸು. ಎರಡಕ್ಕೂ ವ್ಯತ್ಯಾಸ ನೂರಕ್ಕೆ ಹನ್ನೆರಡರಷ್ಟು. ಫೋಟೊ ತೆಗೆದವನಿಂದ ಮುಂದಿನ ಕಾಗೆ 3 ಮೀಟರ್ ದೂರ, ಹಿಂದಿನದು 4 ಮೀಟರ್ ದೂರ ಇತ್ತು ಅಂದುಕೊಳ್ಳಿ. ಸಮನಾದ ಎರಡು ಹಕ್ಕಿಗಳಲ್ಲಿ ಮುಂದಿನದು ಫೋಟೊದಲ್ಲಿ ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. ಅಂದರೆ ಒಂದು ಮೀಟರ್ ಹತ್ತಿರ ಬಂದರೆ ಸಾಕು, ಊರುಕಾಗೆ ಹಿಂದಿನ ಕಾಡುಕಾಗೆಗಿಂತಲೂ ದೊಡ್ಡದಾಗಿಬಿಡುತ್ತದೆ. ಜಾತಿಯ ವ್ಯತ್ಯಾಸ ದೂರದ ವ್ಯತ್ಯಾಸದೊಳಗೆ ಮುಚ್ಚಿಹೋಗುತ್ತದೆ. ಇದರ ಮೇಲೆ ಚಳಿಯ ಮುಂಜಾನೆ ಗರಿ ಉಬ್ಬಿಸಿಕೊಂಡು ಕೂತ ಊರುಕಾಗೆ ದಪ್ಪ ಕಾಣುತ್ತದೆ, ಹೆದರಿ ಗರಿ ಒತ್ತಿಕೊಂಡ ಕಾಡುಕಾಗೆ ಸಣಕಲಾಗಿ ಕಾಣುತ್ತದೆ.

ಹಾಗಾಗಿ ಗಾತ್ರದ ಮಾತು ಆಡಬೇಕಾದರೆ ಎರಡು ಹಕ್ಕಿಗಳೂ ಒಂದೇ ಗೋಡೆಯ ಮೇಲೆ, ಒಂದೇ ತಂತಿಯ ಮೇಲೆ, ಕ್ಯಾಮೆರಾದಿಂದ ಒಂದೇ ದೂರದಲ್ಲಿ ಇರಬೇಕು. ಅಥವಾ ಹಕ್ಕಿ ಕೂತ ಜಾಗದಲ್ಲೇ ಅಳತೆ ಗೊತ್ತಿರುವ ವಸ್ತು ಇರಬೇಕು. ಹಕ್ಕಿಯ ಹಿಂದಿನ ಗೋಡೆಯಲ್ಲಿರುವ ಇಟ್ಟಿಗೆ ಲೆಕ್ಕಕ್ಕೆ ಬಾರದು, ಅದರ ಕಾಲಡಿಯ ಇಟ್ಟಿಗೆ ಬರುತ್ತದೆ. ಆ ಫೋಟೊದಲ್ಲಿ ಅಂಥದ್ದು ಯಾವುದೂ ಇರಲಿಲ್ಲ. ಮುಂದಿನ ಕಾಗೆಯ ಗಾತ್ರವನ್ನು ಬದಿಗಿಟ್ಟು ನಾವು ನೆರಳು ಏರಿಸಿದೆವು. ಅದರ ಬೆನ್ನ ಹಿಂದಿನಿಂದ ಬೆಳಕು ಬರುತ್ತಿದ್ದರಿಂದ ನಮ್ಮ ಕಡೆಯ ಎದೆ ಪೂರ್ತಿ ನೆರಳಿನಲ್ಲಿತ್ತು. ಏರಿಸಿದ ಮೇಲೆ ಕಪ್ಪು ಗಂಟಲಿನ ಕೆಳಗೆ ಬೂದು ಎದೆ ಕಾಣಿಸಿತು. ಊರುಕಾಗೆ.

ಉಳಿದದ್ದು ಮೆಟ್ಟಿಲಿನ ಮೇಲಿನದು. ಮೂರರಲ್ಲಿ ಅತಿ ಚಿಕ್ಕದಾಗಿ ಕಾಣುವುದು ಅದೇ, ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆದರೆ ಅದು ಪಕ್ಕಕ್ಕೆ ತಿರುಗಿತ್ತು, ಹಿಂದೆ ಹೊಳೆಯ ನೀರು ಬೆಳ್ಳಗಿತ್ತು, ಕೊಕ್ಕಿನ ಅಂಚು ಕತ್ತರಿಸಿಟ್ಟಂತೆ ಸ್ಪಷ್ಟವಾಗಿತ್ತು.

ಕೊಕ್ಕನ್ನು ನೋಡುವ ಬಗೆ ಹೀಗೆ. ಮೇಲಿನ ಕೊಕ್ಕಿನ ಬೆನ್ನನ್ನು ಹಣೆಯಿಂದ ತುದಿಯವರೆಗೆ ಬೆರಳಿನಿಂದ ಅನುಸರಿಸಿ. ಊರುಕಾಗೆಯಲ್ಲಿ ಅದು ಬುಡದಿಂದಲೇ ಮೆಲ್ಲಗೆ, ಒಂದೇ ಸಮನಾದ ಇಳಿಜಾರಿನಲ್ಲಿ ತುದಿಗೆ ಬರುತ್ತದೆ. ಕೊಕ್ಕು ಬುಡದಲ್ಲಿ ಸಾಕಷ್ಟು ದಪ್ಪವಿದ್ದರೂ ಮುಂದೆ ಹೋದಂತೆ ತೆಳುವಾಗುತ್ತದೆ. ಕಾಡುಕಾಗೆಯಲ್ಲಿ ಆ ಗೆರೆ ಎತ್ತರದಲ್ಲೇ ಸ್ವಲ್ಪ ದೂರ ಸಾಗಿ, ಡುಬ್ಬದಂತೆ ಬಾಗಿ, ತುದಿಯ ಹತ್ತಿರ ಸರ್ರನೆ ಇಳಿಯುತ್ತದೆ. ಕೊಕ್ಕಿನ ನಡುಭಾಗದಲ್ಲೂ ದಪ್ಪ ಕಡಿಮೆಯಾಗಿರುವುದಿಲ್ಲ. ಬುಡ ಮತ್ತು ತುದಿಗೆ ಒಂದು ಪಟ್ಟಿಯ ಅಂಚನ್ನು ಹಿಡಿದು ನೋಡಿದರೆ ಕೊಕ್ಕಿನ ಬೆನ್ನು ಆ ಅಂಚಿನಿಂದ ಎಷ್ಟು ಮೇಲೆ ಉಬ್ಬಿದೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಮೆಟ್ಟಿಲಿನ ಮೇಲಿನ ಕಾಗೆಯ ಉಬ್ಬು ಸಂಶಯಕ್ಕೆ ಎಡೆ ಕೊಡದಷ್ಟು ದೊಡ್ಡದಿತ್ತು. ಆ ಪಿಂಡದ ಸುತ್ತ ಇದ್ದ ಕಾಡುಕಾಗೆ ಅದೊಂದೇ.

ಎರಡೂ ಕಾಗೆಗಳ ಕೊಕ್ಕಿನ ಬುಡವನ್ನು ಬಿರುಸಾದ ಕೂದಲಿನಂಥ ಗರಿಗಳು ಮುಚ್ಚಿರುತ್ತವೆ, ಮೂಗಿನ ಹೊಳ್ಳೆ ಅವುಗಳಡಿ ಅಡಗಿರುತ್ತದೆ. ಅದರಿಂದ ಬುಡದ ಅಂಚು ಫೋಟೊದಲ್ಲಿ ಮಸುಕಾಗಿರುವುದು ಸಾಮಾನ್ಯ. ತೀರ್ಮಾನವನ್ನು ಮುಂದಿನ ಅರ್ಧದ ಮೇಲೆ ಮಾಡುವುದು ಕ್ಷೇಮ. ಕೊಕ್ಕು ತೆರೆದಿದ್ದರೆ ಅಥವಾ ಅದರಲ್ಲಿ ಅನ್ನವಿದ್ದರೆ ಒಟ್ಟು ದಪ್ಪ ಮೋಸ ಮಾಡುತ್ತದೆ. ಆಗ ಮೇಲಿನ ಅರ್ಧವನ್ನಷ್ಟೇ ನೋಡಬೇಕು. ಕಾಡುಕಾಗೆಯ ಹಣೆ ಕೊಕ್ಕಿನಿಂದ ಕಡಿದಾಗಿ ಏಳುತ್ತದೆ ಎಂದು ಪುಸ್ತಕಗಳಲ್ಲಿರುವುದು ನಿಜವೇ, ಆದರೆ ಹಣೆಯ ಗರಿಗಳನ್ನು ಹಕ್ಕಿ ತನಗೆ ಬೇಕಾದಂತೆ ಏಳಿಸಿ ಇಳಿಸುತ್ತದೆ. ಕೊಕ್ಕಿಗೆ ಆ ಸ್ವಾತಂತ್ರ್ಯವಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ದೊಡ್ಡ ಕೊಕ್ಕಿನ ಕಾಗೆ ಎಂದು ಹುಡುಕಿದರೆ ಟೋಕಿಯೊ ಬೀದಿಯ ಕಾಗೆಗಳ ಚಿತ್ರಗಳು ಬರುತ್ತವೆ, ಅವುಗಳ ಕೊಕ್ಕು ಭಾರಿ. 1832ರಲ್ಲಿ ಕರ್ನಲ್ ಸೈಕ್ಸ್ ಎಂಬಾತ ದಖನ್ನಿನ ಹಕ್ಕಿಗಳನ್ನು ವರ್ಣಿಸುವಾಗ ಹೆಸರಿಟ್ಟ ನಮ್ಮ ಕಾಡುಕಾಗೆ ಆ ಗುಂಪಿನದೇ ಆದರೂ ಅದರ ಕೊಕ್ಕು ಅಷ್ಟು ದಪ್ಪವಲ್ಲ, ಹಣೆಯೂ ಅಷ್ಟು ಕಡಿದಲ್ಲ. ಟೋಕಿಯೊದ ಚಿತ್ರವನ್ನು ಅಳತೆಗೋಲಾಗಿ ಇಟ್ಟುಕೊಂಡವರಿಗೆ ನಮ್ಮ ಕಾಡುಕಾಗೆಯ ಕೊಕ್ಕು ಸಾಧಾರಣ ಎನಿಸಿ, ಅದನ್ನು ಊರುಕಾಗೆಯ ಲೆಕ್ಕಕ್ಕೆ ಸೇರಿಸುತ್ತಾರೆ. ಹೋಲಿಸಲು ನಮ್ಮ ಪಕ್ಕದ ತಾಲ್ಲೂಕಿನ ಚಿತ್ರವೇ ಉತ್ತಮ.

ಜಾಗವನ್ನು ಸಾಕ್ಷಿಯಾಗಿ ತರುವವರೂ ಇದ್ದಾರೆ. ಜಗಳೂರಿನ ರಂಗಯ್ಯನದುರ್ಗದ ಅರಣ್ಯದಂಚಿನಲ್ಲಿ ತೆಗೆದದ್ದು, ಆದ್ದರಿಂದ ಕಾಡುಕಾಗೆ ಎಂಬುದು ವಾದ. ಕಾಡಿನ ಹೆಸರು ಹೊತ್ತ ಈ ಕಾಗೆ ಊರೊಳಗೆ, ಸಂತೆ ಮಾಳದಲ್ಲಿ, ಮಾಂಸದಂಗಡಿಯ ಮುಂದೆ ಧಾರಾಳವಾಗಿ ಓಡಾಡುತ್ತದೆ. ಊರುಕಾಗೆ ಜನವಸತಿ ಬಿಟ್ಟು ದೂರ ಹೋಗುವುದು ಕಡಿಮೆ ಎಂಬುದು ಸರಿ, ಆದರೆ ಕಾಡಿನಂಚಿನಲ್ಲೂ ಹಟ್ಟಿಗಳಿವೆ.

ನ್ಯಾಮತಿ ಕಡೆಯಿಂದ ಬಂದ ಇನ್ನೊಂದು ಫೋಟೊ ಇನ್ನೂ ನನ್ನ ಮೊಬೈಲಿನಲ್ಲಿದೆ. ಸಂಜೆಯ ಆಕಾಶ, ಕರೆಂಟಿನ ತಂತಿ, ತಂತಿಯ ಮೇಲೆ ಒಂದೇ ಒಂದು ಕಪ್ಪು ಹಕ್ಕಿ, ನೇರವಾಗಿ ನಮ್ಮ ಕಡೆಗೇ ಮುಖ. ನೆರಳು ಏರಿಸಿದರೆ ಬರೀ ಕಲೆಗಳು ಏಳುತ್ತವೆ. ಪಕ್ಕದಲ್ಲಿ ಅಳತೆಗೆ ಮತ್ತೊಂದು ಹಕ್ಕಿಯಿಲ್ಲ. ಎದುರಿನಿಂದ ಕಂಡ ಕೊಕ್ಕಿನಲ್ಲಿ ಉಬ್ಬು ಕಾಣಲು ಸಾಧ್ಯವೇ ಇಲ್ಲ. ಗಂಡು ಕೋಗಿಲೆ ಅಲ್ಲ ಎಂದಷ್ಟೇ ಹೇಳಬಹುದು, ಅದಕ್ಕಿರುವ ಉದ್ದ ಬಾಲ ಇದಕ್ಕಿಲ್ಲ. iNaturalist ತಾಣಕ್ಕೆ ಏರಿಸುವಾಗ ಜಾತಿಯ ಹೆಸರು ಬರೆಯದೆ Corvus ಎಂಬ ಕುಲದ ಹೆಸರಿಗೆ ನಿಲ್ಲಿಸಲು ಅವಕಾಶವಿದೆ. ಫೋಟೊ ಕಳಿಸಿದ ಹುಡುಗಿಗೆ ಹಾಗೆಯೇ ಹಾಕಮ್ಮ ಎಂದೆ. ನಾಳೆ ಅದೇ ತಂತಿಯ ಕೆಳಗೆ ನಿಂತರೆ ಹಕ್ಕಿ ತಲೆ ಪಕ್ಕಕ್ಕೆ ತಿರುಗಿಸುವವರೆಗೆ ಕಾದು ಕ್ಲಿಕ್ಕಿಸು ಎಂದೂ ಹೇಳಿದೆ.