ಮದುವೆ ಮನೆಗೆ ಬಾಡಿಗೆ ಪಾತ್ರೆ: ಲೆಕ್ಕ ತಪ್ಪುವುದು ಎಲ್ಲಿ?

ಮುಹೂರ್ತವಿರುವ ಭಾನುವಾರ ಬಂತೆಂದರೆ ಊರಿನ ಶಾಮಿಯಾನ ಅಂಗಡಿಯಲ್ಲಿ ಒಂದು ಕುರ್ಚಿಯೂ ಉಳಿಯುವುದಿಲ್ಲ. ಕುರ್ಚಿ, ಕೊಪ್ಪರಿಗೆ, ಸೌಟು, ಜಮಖಾನ ಎಲ್ಲವೂ ಒಂದೇ ದಿನ ಹತ್ತು ಮನೆಗಳಿಗೆ ಬೇಕು. ಅಂಗಡಿಯವರಿಗೂ ಮದುವೆ ಮನೆಯವರಿಗೂ ಆಗುವ ಜಗಳಗಳಲ್ಲಿ ಹೆಚ್ಚಿನವು ಸಾಮಾನು ವಾಪಸು ಬಂದ ದಿನ ಕೇಳಿಸುತ್ತವೆ. ಆದರೆ ಅವುಗಳ ಬೇರು ಇರುವುದು ಬುಕ್ಕಿಂಗ್ ಬರೆದುಕೊಂಡ ದಿನದಲ್ಲಿ.

ಅಂಗಡಿಯ ಪುಸ್ತಕದಲ್ಲಿ ಸಾಮಾನ್ಯವಾಗಿ ಸಮಾರಂಭದ ತಾರೀಖನ್ನಷ್ಟೇ ಬರೆಯುತ್ತಾರೆ. ಮೊದಲ ತಪ್ಪು ಅಲ್ಲೇ ಆಗುತ್ತದೆ. 500 ಕುರ್ಚಿ ಇರುವ ಒಂದು ಅಂಗಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಭಾನುವಾರದ ಮದುವೆಗೆ 300 ಕುರ್ಚಿ ಹೋಗಬೇಕು, ಸೋಮವಾರದ ಗೃಹಪ್ರವೇಶಕ್ಕೆ 250. ತಾರೀಖು ಬೇರೆ ಬೇರೆ, ಆದ್ದರಿಂದ ತೊಂದರೆಯಿಲ್ಲ ಎನಿಸುತ್ತದೆ. ಆದರೆ ಮದುವೆಯ ಕುರ್ಚಿಗಳು ಶನಿವಾರವೇ ಹೊರಟು, ಸೋಮವಾರ ಮಧ್ಯಾಹ್ನ ಇಳಿದು, ಒರೆಸಿ ಎಣಿಸುವ ಹೊತ್ತಿಗೆ ಸಂಜೆಯಾಗುತ್ತದೆ. ಸೋಮವಾರಕ್ಕೆ ಬೇಕಾದದ್ದು 550, ಇರುವುದು 500. ಹೊರಡುವ ಹೊತ್ತಿನಿಂದ ತೊಳೆದಿಡುವವರೆಗಿನ ಅವಧಿಯನ್ನು ಪೂರ್ತಿ ಬರೆದಿದ್ದರೆ ಈ ಕೊರತೆ ಅವತ್ತೇ ಕಣ್ಣಿಗೆ ಬೀಳುತ್ತಿತ್ತು.

ಅತಿ ಎಚ್ಚರದಿಂದಲೂ ನಷ್ಟವಿದೆ. ಶನಿವಾರದ ನಾಮಕರಣಕ್ಕೆ 200 ಕುರ್ಚಿ ಹೋಗಿ ಅಂದು ರಾತ್ರಿಯೇ ಮರಳುತ್ತವೆ ಎನ್ನಿ. ಗೃಹಪ್ರವೇಶದವರು 200ಕ್ಕೆ ಒಪ್ಪಿದ್ದಾರೆ. ಮದುವೆಯ ಬುಕ್ಕಿಂಗಿಗೆ ತಾಗುವ ಎರಡನ್ನೂ ಅದರ ಜೊತೆ ಕೂಡಿಸಿದರೆ 700 ಆಗುತ್ತದೆ, ‘ಇಲ್ಲ’ ಎಂದುಬಿಡುತ್ತಾರೆ. ದಿನದಿನವೂ ಬೇರೆಯಾಗಿ ಕೂಡಿಸಿ ನೋಡಿದರೆ ಶನಿವಾರ 500, ಭಾನುವಾರ 300, ಸೋಮವಾರ 500. ಯಾವ ದಿನವೂ 500 ಮೀರಲಿಲ್ಲ, ಮೂವರಿಗೂ ಕೊಡಬಹುದು. ಕಂಪ್ಯೂಟರಿನಲ್ಲಿ ಬುಕ್ಕಿಂಗ್ ಮಾಡುವವರೂ ಈ ದಿನವಾರು ಲೆಕ್ಕ ಅದರಲ್ಲಿ ಇದೆಯೇ ಎಂದು ನೋಡಿಕೊಳ್ಳಬೇಕು.

ಇನ್ನು ಹಣದ ಮಾತು. ಅಡ್ವಾನ್ಸ್ ಬಾಡಿಗೆಯಲ್ಲಿ ವಜಾ ಆಗುವ ಹಣ. ಡೆಪಾಸಿಟ್ ಹಾಗಲ್ಲ, ಸಾಮಾನು ಸರಿಯಾಗಿ ಬಂದರೆ ಅದು ಗಿರಾಕಿಗೇ ಮರಳಬೇಕು. ಅದು ಬಾಡಿಗೆಗೆ ಮುರಿದುಕೊಳ್ಳುವವರೆಗೆ ಅಂಗಡಿಯ ಆದಾಯವೇ ಅಲ್ಲ ಎಂಬಂತೆ 2017ರ ಜಿಎಸ್‌ಟಿ ಕಾಯ್ದೆಯೂ ನೋಡುತ್ತದೆ. ಎರಡನ್ನೂ ಒಂದೇ ಸಾಲಿನಲ್ಲಿ ‘ಬಂದದ್ದು’ ಎಂದು ಬರೆದರೆ ಕೊನೆಯಲ್ಲಿ ಗೊಂದಲ ಖಂಡಿತ.

ಮದುವೆಯವರು 6,000 ರೂಪಾಯಿ ಡೆಪಾಸಿಟ್ ಇಟ್ಟಿದ್ದರು, ಕುರ್ಚಿಯ ದಿನದ ಬಾಡಿಗೆ 8 ರೂಪಾಯಿ ಎಂದುಕೊಳ್ಳಿ. 240 ಕುರ್ಚಿ ಸಮಯಕ್ಕೆ ಬಂದವು, 60 ಮರುದಿನ ಬಂದವು, ಅದರಲ್ಲಿ 3 ಮುರಿದಿವೆ. ಕೆಲವರು 300 ಕುರ್ಚಿಗೂ ಒಂದು ದಿನದ ಬಾಡಿಗೆ ಹಾಕಿ 2,400 ರೂಪಾಯಿ ಮುರಿದುಕೊಳ್ಳುತ್ತಾರೆ. ನನಗದು ನ್ಯಾಯವೆನಿಸುವುದಿಲ್ಲ. ತಡವಾದ 60ಕ್ಕೆ 480, ಮುರಿದ ಮೂರಕ್ಕೆ ಚೀಟಿಯಲ್ಲಿ ಬರೆದ ದರದಂತೆ ತಲಾ 450, ಅಂದರೆ 1,350. ಉಳಿದ 4,170 ರೂಪಾಯಿ ವಾಪಸು ಹೋಗಬೇಕು.

ಆ 60 ಕುರ್ಚಿ ಬಾರದ್ದರಿಂದ ಅಂಗಡಿಯವರು ಬೇರೆಡೆಯಿಂದ ಹೆಚ್ಚಿನ ದರಕ್ಕೆ ತಂದಿದ್ದರೆ ಆ ಮಾತು ಬೇರೆ. 1872ರ ಕರಾರು ಕಾಯ್ದೆಯ 161ನೇ ಕಲಂ ಪ್ರಕಾರ, ಪಡೆದವರ ತಪ್ಪಿನಿಂದ ವಸ್ತು ಸಮಯಕ್ಕೆ ಮರಳದಿದ್ದರೆ ಅಲ್ಲಿಂದಾಚೆ ಅದರ ನಷ್ಟಕ್ಕೆ ಅವರೇ ಹೊಣೆ. ಅದೇ ಕಾಯ್ದೆಯ 74ನೇ ಕಲಂ ದಂಡಕ್ಕೆ ಮಿತಿಯನ್ನೂ ಹಾಕುತ್ತದೆ. ಚೀಟಿಯಲ್ಲಿ ಎಷ್ಟೇ ದೊಡ್ಡ ಮೊತ್ತ ಬರೆದಿರಲಿ, ನ್ಯಾಯಾಲಯ ಕೊಡಿಸುವುದು ಅದರೊಳಗಿನ ಸಮಂಜಸವಾದ ಪರಿಹಾರವನ್ನಷ್ಟೇ.

ಪಾತ್ರೆಗಳ ತಪಾಸಣೆ ಕುರ್ಚಿಯಷ್ಟು ಸುಲಭವಲ್ಲ. ಎಣಿಕೆ ಗಾಡಿಯಿಂದ ಇಳಿಸುವಾಗಲೇ, ಇಬ್ಬರ ಎದುರಿಗೇ ಆಗಬೇಕು. ಆದರೆ ಸಾರಿನ ಜಿಡ್ಡು ಮೆತ್ತಿದ ಕೊಪ್ಪರಿಗೆಯ ಒಳಗೇನಾಗಿದೆ ಎಂದು ತೊಳೆಯದೆ ತಿಳಿಯದು. ಹಾಗಾಗಿ ಎಣಿಕೆ ಮುಗಿದೊಡನೆ ಡೆಪಾಸಿಟ್ಟಿನ ದೊಡ್ಡ ಪಾಲು ಕೊಟ್ಟು, ಸಣ್ಣ ಮೊತ್ತವನ್ನು ಮರುದಿನದವರೆಗೆ ಇಟ್ಟುಕೊಳ್ಳುವುದು ಇಬ್ಬರಿಗೂ ಹಿತ. ತಾಮ್ರ, ಹಿತ್ತಾಳೆಯ ಪಾತ್ರೆಗಳಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಕಲಾಯಿ. ಅದು ತವರದ ಲೇಪ, ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಒಳಗೆ ನೀರಿರುವವರೆಗೆ ಅಷ್ಟು ಬಿಸಿಯೇರುವುದಿಲ್ಲ. ಖಾಲಿ ಪಾತ್ರೆಯನ್ನು ಒಲೆಯ ಮೇಲೆ ಮರೆತರೆ ಲೇಪ ಕರಗಿ ಒಂದೆಡೆ ಗಟ್ಟಿಯಾಗಿ ನಿಲ್ಲುತ್ತದೆ, ಉಳಿದೆಡೆ ತಾಮ್ರದ ಕೆಂಪು ಕಾಣುತ್ತದೆ. ಅದು ಅಜಾಗ್ರತೆಯ ಗುರುತು. ತಳವೆಲ್ಲ ಒಂದೇ ಸಮನೆ ಮಾಸಿದ್ದರೆ ಅದು ಬಳಕೆಯ ಸವೆತ, ಅದಕ್ಕೆ ಗಿರಾಕಿಯಿಂದ ಹಣ ಹಿಡಿಯಬಾರದು.

ಯಾವುದು ಮೊದಲೇ ಇತ್ತು, ಯಾವುದು ಆಮೇಲೆ ಆಯಿತು ಎಂದು ಹೇಳಲು ಹೋಗುವಾಗಿನ ದಾಖಲೆ ಬೇಕು. ಅದಕ್ಕೇ ಪಾತ್ರೆ ಗಾಡಿಗೆ ಹತ್ತುವ ಮೊದಲು ಒಳಭಾಗದ ಫೋಟೊ ತೆಗೆದುಕೊಳ್ಳಿ, ನೆಗ್ಗು ಕಂಡರೆ ಚೀಟಿಯಲ್ಲಿ ಬರೆಸಿ. ಒಳಗೆ ತಾಮ್ರ ಕೆಂಪಗೆ ಕಂಡರೆ ಬೇರೆ ಪಾತ್ರೆ ಕೇಳಿ. ಹುಳಿ ತಾಗಿದರೆ ತಾಮ್ರ ಅಡುಗೆಗೆ ಬಿಡುತ್ತದೆ. ಅಂಥದ್ದರಲ್ಲಿ ಹುಣಿಸೆಹಣ್ಣಿನ ಸಾರು ಕುದಿಸಲೇಬೇಡಿ.