ಕಡಲತೀರ ಅವಳು, ಹಳ್ಳಿ ಅವನು

ಫ್ರೆಂಚರು ಹಳ್ಳಿಗೆ ‘ವಿಲಾಜ್’ ಎನ್ನುತ್ತಾರೆ, ಕಡಲತೀರಕ್ಕೆ ‘ಪ್ಲಾಜ್’. ಎರಡರ ಕೊನೆಯ ಸದ್ದೂ ಒಂದೇ, ಬರೆದಾಗ ಕೊನೆಯ ಮೂರು ಅಕ್ಷರಗಳೂ ಒಂದೇ. ಆದರೆ ಹಳ್ಳಿ ಚೆನ್ನಾಗಿದೆ ಎನ್ನಬೇಕಾದರೆ ‘ಲೆ ವಿಲಾಜ್ ಎ ಬೋ’ ಎನ್ನಬೇಕು. ಕಡಲತೀರ ಚೆನ್ನಾಗಿದೆ ಎನ್ನಬೇಕಾದರೆ ‘ಲಾ ಪ್ಲಾಜ್ ಎ ಬೆಲ್’. ಹಳ್ಳಿ ಪುಲ್ಲಿಂಗ, ಕಡಲತೀರ ಸ್ತ್ರೀಲಿಂಗ. ಹೆಸರಿನ ಹಿಂದೆ ನಿಲ್ಲುವ ಪುಟ್ಟ ಪದ ಬದಲಾಯಿತು, ಮುಂದೆ ಬಂದ ವಿಶೇಷಣವೂ ಬದಲಾಯಿತು. ಮುಂದಿನ ವಾಕ್ಯದಲ್ಲಿ ಅದೇ ಹಳ್ಳಿಯ ಮಾತು ಮುಂದುವರಿದರೆ ‘ಇಲ್’, ಎಂದರೆ ಅವನು. ತೀರದ ಮಾತಾದರೆ ‘ಎಲ್’, ಎಂದರೆ ಅವಳು.

ಕನ್ನಡದವರಿಗೆ ಇದು ಕಷ್ಟವಾಗುವುದು ಸಹಜ. ನಮ್ಮಲ್ಲಿ ಲಿಂಗವನ್ನು ತೀರ್ಮಾನಿಸುವುದು ಅರ್ಥ. ಗಂಡಸು ಅವನು, ಹೆಂಗಸು ಅವಳು, ಮೇಜು, ಮಳೆ, ಬೆಟ್ಟ ಎಲ್ಲವೂ ಅದು. ಪದದ ಕೊನೆ ಹೇಗಿದೆ ಎಂದು ಯಾರೂ ನೋಡುವುದಿಲ್ಲ. ಸಂಸ್ಕೃತ ಓದಿದವರಿಗೆ ಮಾತ್ರ ಬೇರೆಯ ಪರಿಚಯವಿದೆ. ಅಲ್ಲಿ ಹೆಂಡತಿಗೆ ‘ಭಾರ್ಯಾ’ ಎಂದರೆ ಸ್ತ್ರೀಲಿಂಗ, ‘ದಾರ’ ಎಂದರೆ ಪುಲ್ಲಿಂಗ, ‘ಕಲತ್ರ’ ಎಂದರೆ ನಪುಂಸಕಲಿಂಗ. ಲಿಂಗವಿರುವುದು ವ್ಯಕ್ತಿಗಲ್ಲ, ಪದಕ್ಕೆ. ಫ್ರೆಂಚಿನ ದಾರಿಯೂ ಅದೇ, ಆದರೆ ಅಲ್ಲಿ ನಪುಂಸಕ ಎಂಬ ಮೂರನೆಯ ಮನೆ ಇಲ್ಲ. ತಾಯಿಭಾಷೆಯಾದ ಲ್ಯಾಟಿನ್ನಿನಲ್ಲಿ ಮೂರೂ ಇದ್ದವು. ಕಾಲಕ್ರಮದಲ್ಲಿ ನಪುಂಸಕ ಪದಗಳಲ್ಲಿ ಹೆಚ್ಚಿನವು ಪುಲ್ಲಿಂಗದೊಳಗೆ ಸೇರಿಹೋದವು. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ಸಾವಿರಾರು ಪದಗಳ ಲಿಂಗವನ್ನು ಒಂದೊಂದಾಗಿ ಉರು ಹೊಡೆಯಬೇಕೆ? ಬೇಡ. ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ರಾಯ್ ಲಿಸ್ಟರ್ ಮಕ್ಕಳ ಫ್ರೆಂಚ್ ನಿಘಂಟೊಂದರ ಹತ್ತಿರ ಹತ್ತಿರ 10,000 ನಾಮಪದಗಳನ್ನು ಜರಡಿ ಹಿಡಿದು 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ನೂರಕ್ಕೆ ಸುಮಾರು 80 ಪದಗಳ ಲಿಂಗವನ್ನು ಪದಾಂತ್ಯವೇ ಹೇಳಿಬಿಡುತ್ತದೆ ಎಂದು ಅವರು ಕಂಡುಕೊಂಡರು. ಅದಕ್ಕೂ ಮೊದಲು, 1977ರಲ್ಲಿ ಟಕರ್, ಲ್ಯಾಂಬರ್ಟ್ ಮತ್ತು ರಿಗೋ ಎಂಬ ಮೂವರು ಫ್ರೆಂಚ್ ಮಾತಿನ ಮಕ್ಕಳ ಮುಂದೆ ಇಲ್ಲದ ಪದಗಳನ್ನು ಇಟ್ಟು ಪರೀಕ್ಷಿಸಿದ ಪುಸ್ತಕ ಬಂದಿತ್ತು. ಎಂದೂ ಕೇಳಿರದ ಪದಕ್ಕೂ ಮಕ್ಕಳು ಅದರ ಕೊನೆಯನ್ನು ಕೇಳಿಯೇ ಲಿಂಗ ಕೊಡುತ್ತಿದ್ದರು.

ಈ ಪದಾಂತ್ಯಗಳಲ್ಲಿ ಕಲಿಯಲು ಯೋಗ್ಯವಾದ ಮೊದಲನೆಯದು ‘ಆಜ್’. ಗರಾಜ್ (ಗ್ಯಾರೇಜು), ವೊಯಾಜ್ (ಪ್ರಯಾಣ), ಫ್ರೊಮಾಜ್ (ಗಿಣ್ಣು), ಕುರಾಜ್ (ಧೈರ್ಯ), ಮರಿಯಾಜ್ (ಮದುವೆ), ಮೆಸಾಜ್ (ಸಂದೇಶ), ಎಲ್ಲ ಪುಲ್ಲಿಂಗ. ಇಂಥ ಪದಗಳು ನೂರಾರು ಇವೆ. ತಪ್ಪಿಸಿಕೊಂಡವುಗಳಲ್ಲಿ ದಿನಬಳಕೆಯವು ಆರೇ ಆರು: ಪ್ಲಾಜ್ (ಕಡಲತೀರ), ಪಾಜ್ (ಪುಟ), ಇಮಾಜ್ (ಚಿತ್ರ), ಕಾಜ್ (ಪಂಜರ), ರಾಜ್ (ಕಡುಕೋಪ, ಹುಚ್ಚುನಾಯಿ ರೋಗಕ್ಕೂ ಇದೇ ಹೆಸರು), ನಾಜ್ (ಈಜು). ಇವು ಸ್ತ್ರೀಲಿಂಗ. ಹೆಚ್ಚಿನ ವ್ಯಾಕರಣ ಪುಸ್ತಕಗಳು ಈ ಆರನ್ನು ಪಟ್ಟಿ ಮಾಡಿ, ಇವು ಅಪವಾದ, ಬಾಯಿಪಾಠ ಮಾಡಿ ಎಂದು ಮುಂದೆ ಹೋಗುತ್ತವೆ. ನಾನೂ ಹಾಗೆಯೇ ಬಾಯಿಪಾಠ ಮಾಡಿದೆ, ವಾರ ಕಳೆಯುವಷ್ಟರಲ್ಲಿ ಮರೆತೆ. ಅವು ಎಲ್ಲಿಂದ ಬಂದವು ಎಂದು ಹುಡುಕಿದ ಮೇಲೆ ಮತ್ತೆ ಮರೆಯಲಿಲ್ಲ.

ವಿಲಾಜ್, ವೊಯಾಜ್, ಫ್ರೊಮಾಜ್‌ಗಳ ಕೊನೆಯ ‘ಆಜ್’ ಒಂದು ಪ್ರತ್ಯಯ. ನಮ್ಮ ‘ತನ’, ‘ಇಕೆ’ಗಳ ಹಾಗೆ ಬೇರೊಂದು ಪದಕ್ಕೆ ಬಂದು ಅಂಟಿಕೊಂಡದ್ದು. ಅದರ ಮೂಲ ಲ್ಯಾಟಿನ್ನಿನ ‘ಆತಿಕುಮ್’. ಪ್ರಯಾಣಕ್ಕೆ ಕಟ್ಟಿಕೊಂಡ ಬುತ್ತಿಯಾಗಿದ್ದ ‘ವಿಯಾತಿಕುಮ್’ ಸವೆದು ಸವೆದು ‘ವೊಯಾಜ್’ ಆಯಿತು. ಅಚ್ಚಿನಲ್ಲಿ ಹಾಕಿ ರೂಪ ಕೊಟ್ಟದ್ದು ಎಂಬ ಅರ್ಥದ ‘ಫೊರ್ಮಾತಿಕುಮ್’ ಗಿಣ್ಣಿನ ಹೆಸರಾಯಿತು. ಆತಿಕುಮ್ ನಪುಂಸಕಲಿಂಗ. ನಪುಂಸಕ ಪದಗಳಲ್ಲಿ ಹೆಚ್ಚಿನವು ಪುಲ್ಲಿಂಗಕ್ಕೆ ಸೇರಿದವಲ್ಲ, ಹಾಗಾಗಿ ಆಜ್ ಕೂಡ ಪುಲ್ಲಿಂಗ. ಈ ಪ್ರತ್ಯಯ ಇಂದಿಗೂ ಜೀವಂತವಾಗಿದೆ. ಲವೇ ಎಂದರೆ ತೊಳೆಯುವುದು, ಲವಾಜ್ ಎಂದರೆ ತೊಳೆತ. ಗರೇ ಎಂದರೆ ಗಾಡಿ ನಿಲ್ಲಿಸುವುದು, ನಿಲ್ಲಿಸುವ ಜಾಗ ಗರಾಜ್. ಹೀಗೆ ಕ್ರಿಯಾಪದದಿಂದ ಹುಟ್ಟುವ ಪ್ರತಿ ಹೊಸ ‘ಆಜ್’ ಪದವೂ ಹುಟ್ಟುವಾಗಲೇ ಪುಲ್ಲಿಂಗ.

ಇನ್ನು ಆ ಆರು. ಅವುಗಳಲ್ಲಿ ಆಜ್ ಪ್ರತ್ಯಯ ಇಲ್ಲವೇ ಇಲ್ಲ. ಸದ್ದು ಮಾತ್ರ ಕೂಡಿಬಂದಿದೆ. ಪಾಜ್ ಬಂದದ್ದು ‘ಪಾಗಿನಾ’ದಿಂದ, ಕಾಜ್ ‘ಕಾವೆಆ’ದಿಂದ, ಇಮಾಜ್ ‘ಇಮಾಗೊ’ದಿಂದ, ರಾಜ್ ‘ರಾಬಿಯೆಸ್’ನಿಂದ. ನಾಲ್ಕೂ ಲ್ಯಾಟಿನ್ನಿನಲ್ಲೇ ಸ್ತ್ರೀಲಿಂಗ. ಪ್ಲಾಜ್ ಇಟಲಿಯ ‘ಪಿಯಾಜ್ಜಾ’ ಎಂಬ ತೀರವಾಚಿ ಪದದಿಂದ ಬಂತು, ಅದೂ ಸ್ತ್ರೀಲಿಂಗ. ನಾಜ್ ‘ನಾಜೇ’, ಈಜುವುದು, ಎಂಬ ಕ್ರಿಯಾಪದದ ಧಾತುವೇ ಹೆಸರಾಗಿ ನಿಂತದ್ದು. ದಾಂಸೇಯಿಂದ ದಾಂಸ್, ಮಾರ್ಶೇಯಿಂದ ಮಾರ್ಶ್ ಆದಂತೆ. ಕುಣಿತ, ನಡಿಗೆ, ಈಜು ಮೂರೂ ಸ್ತ್ರೀಲಿಂಗ.

ಇದರಿಂದ ಒಂದು ಪರೀಕ್ಷೆ ಸಿಗುತ್ತದೆ. ಕೊನೆಯ ಆಜ್ ಅನ್ನು ಕಿತ್ತು ನೋಡಿ. ಲವಾಜ್‌ನಲ್ಲಿ ತೊಳೆಯುವ ಧಾತು ಉಳಿಯುತ್ತದೆ, ಪಸಾಜ್‌ನಲ್ಲಿ ಹಾದುಹೋಗುವ ಧಾತು ಉಳಿಯುತ್ತದೆ. ಹಾಗೆ ಅರ್ಥವುಳ್ಳ ತುಂಡು ಉಳಿದರೆ ಕಣ್ಣುಮುಚ್ಚಿ ಪುಲ್ಲಿಂಗ ಎನ್ನಬಹುದು. ಪ್ಲಾಜ್‌ನಿಂದ ಆಜ್ ಕಿತ್ತರೆ ‘ಪ್ಲ್’ ಉಳಿಯುತ್ತದೆ, ಕಾಜ್‌ನಿಂದ ‘ಕ್’. ಅದಕ್ಕೆ ಅರ್ಥವಿಲ್ಲ, ಅನುಮಾನ ಪಡಬೇಕು. ಆದರೆ ಈ ಪರೀಕ್ಷೆ ಒಂದೇ ದಿಕ್ಕಿನಲ್ಲಿ ನಡೆಯುತ್ತದೆ. ಏನೂ ಉಳಿಯದಿದ್ದ ಮಾತ್ರಕ್ಕೆ ಸ್ತ್ರೀಲಿಂಗ ಎಂದು ತೀರ್ಪು ಕೊಡುವಂತಿಲ್ಲ. ಎತಾಜ್ (ಮಹಡಿ), ಒರಾಜ್ (ಗುಡುಗು ಮಳೆ) ಇವುಗಳ ಧಾತು ಇಂದಿನ ಕಿವಿಗೆ ಕಾಣದಷ್ಟು ಸವೆದಿದೆ, ಆದರೂ ಪುಲ್ಲಿಂಗ. ಪಾಜ್ ಕೂಡ ಎರಡಿದೆ: ‘ಯುನ್ ಪಾಜ್’ ಎಂದರೆ ಪುಸ್ತಕದ ಒಂದು ಪುಟ, ‘ಅಂ ಪಾಜ್’ ಎಂದರೆ ಹಿಂದಿನ ಕಾಲದ ಅರಮನೆಯ ಹುಡುಗ ಪರಿಚಾರಕ.

ಎರಡನೆಯ ಪದಾಂತ್ಯ ‘ಓ’. ಬರೆಯುವಾಗ ಅದಕ್ಕೆ ಮೂರು ಸ್ವರಾಕ್ಷರ ಬೇಕು, ಬಾಯಲ್ಲಿ ಒಂದೇ ಓಕಾರ. ಬತೋ (ದೋಣಿ), ಶಾತೋ (ಕೋಟೆ), ಗಾತೋ (ಕೇಕು), ಶಪೋ (ಟೊಪ್ಪಿಗೆ), ಕುತೋ (ಚಾಕು), ಎಲ್ಲ ಪುಲ್ಲಿಂಗ. ಸ್ತ್ರೀಲಿಂಗ ಎರಡೇ, ಅವೂ ದಿನವೂ ಬಾಯಲ್ಲಿ ಬರುವಂಥವು: ಓ ಎಂದರೆ ನೀರು, ಪೋ ಎಂದರೆ ಚರ್ಮ. ಕಾರಣ ಮತ್ತೆ ಹಳೆಯದೇ. ಶಾತೋ ಮೊದಲಾದವುಗಳ ಕೊನೆ ಲ್ಯಾಟಿನ್ನಿನ ‘ಎಲ್ಲುಸ್’, ‘ಎಲ್ಲುಮ್’ ಪ್ರತ್ಯಯಗಳಿಂದ ಬಂದದ್ದು. ಕೋಟೆ ಅಲ್ಲಿ ‘ಕಾಸ್ತೆಲ್ಲುಮ್’. ನೀರು ಬಂದದ್ದು ‘ಅಕ್ವಾ’ದಿಂದ, ಚರ್ಮ ‘ಪೆಲ್ಲಿಸ್’ನಿಂದ, ಎರಡೂ ಸ್ತ್ರೀಲಿಂಗ. ಆ ‘ಎಲ್ಲುಸ್’ ಪುಲ್ಲಿಂಗದಲ್ಲಿ ಓ ಆಗಿ ಸವೆದರೆ, ಅದರ ಜೊತೆಗಾತಿ ‘ಎಲ್ಲಾ’ ಸ್ತ್ರೀಲಿಂಗದಲ್ಲಿ ಎಲ್ ಆಗಿ ಉಳಿಯಿತು. ಹಳ್ಳಿಗೆ ‘ಬೋ’, ತೀರಕ್ಕೆ ‘ಬೆಲ್’ ಎಂದದ್ದು ನೆನಪಿದೆಯೆ? ಅದೂ ಇದೇ ಜೋಡಿ.

ಮ್ಯೂಸಿಯಮ್ಮಿಗೆ ಫ್ರೆಂಚರು ‘ಮ್ಯುಜೇ’ ಎನ್ನುತ್ತಾರೆ, ಪ್ರೌಢಶಾಲೆಗೆ ‘ಲಿಸೇ’. ಕೊನೆಯಲ್ಲಿ ಎರಡು ಇ ಅಕ್ಷರಗಳನ್ನು ಜೊತೆಯಾಗಿ ಬರೆಯುತ್ತಾರೆ. ಹಾಗೆ ಬರೆಯುವ ಇದೇ (ಕಲ್ಪನೆ), ಅನೇ (ವರ್ಷ), ಜುರ್ನೇ (ದಿನ) ಸ್ತ್ರೀಲಿಂಗ. ಆದರೆ ಈ ಎರಡು ಪುಲ್ಲಿಂಗ ಎಂದು ಕಲಿಯುವವರು ಬೆಚ್ಚುತ್ತಾರೆ. ಅವು ಲ್ಯಾಟಿನ್ನಿನಲ್ಲಿ ‘ಮುಸೇಉಮ್’, ‘ಲಿಕೇಉಮ್’ ಆಗಿದ್ದವು, ಕೊನೆಯ ‘ಉಮ್’ ನಪುಂಸಕದ ಗುರುತು. ಅಷ್ಟು ಗೊತ್ತಾದರೆ ಸಾಕು.

ಆದರೆ ಮೂಲ ಹುಡುಕಿದರೆ ಎಲ್ಲವೂ ಬಗೆಹರಿಯುತ್ತದೆ ಎಂದು ನಾನು ಹೇಳಲಾರೆ. ‘ತೇ’ ಎಂದು ಮುಗಿಯುವ ಭಾವವಾಚಕಗಳು ಸ್ತ್ರೀಲಿಂಗ: ಲಿಬೆರ್ತೇ, ಎಗಲಿತೇ, ಫ್ರತೆರ್ನಿತೇ, ಆ ದೇಶದ ಘೋಷವಾಕ್ಯದ ಮೂರೂ ಪದಗಳು ಹಾಗೆಯೇ ಇವೆ. ‘ಎತೇ’, ಬೇಸಿಗೆ, ಮಾತ್ರ ಪುಲ್ಲಿಂಗ. ಲ್ಯಾಟಿನ್ನಿನಲ್ಲಿ ನೋಡಿದರೆ ಬೇಸಿಗೆಯ ‘ಐಸ್ತಾಸ್’ ಸ್ತ್ರೀಲಿಂಗವೇ. ಇಂದಿನ ಫ್ರೆಂಚಿನಲ್ಲಿ ನಾಲ್ಕು ಋತುಗಳೂ ಪುಲ್ಲಿಂಗ. ಬೇಸಿಗೆ ತನ್ನ ವಂಶವನ್ನು ಬಿಟ್ಟು ಜೊತೆಯವರ ದಾರಿ ಹಿಡಿಯಿತು. ಬಣ್ಣ (ಕುಲರ್), ನೋವು (ದುಲರ್), ಬಿಸಿ (ಶಲರ್) ಮೊದಲಾದವು ಇದಕ್ಕೆ ತಿರುಗುಮುರುಗು. ಲ್ಯಾಟಿನ್ನಿನಲ್ಲಿ ಪುಲ್ಲಿಂಗವಾಗಿದ್ದವು, ಫ್ರೆಂಚಿಗೆ ಬರುವಷ್ಟರಲ್ಲಿ ಗುಂಪುಗುಂಪಾಗಿ ಸ್ತ್ರೀಲಿಂಗವಾದವು. ಅವುಗಳ ನಡುವೆ ‘ಒನರ್’, ಗೌರವ, ಇಂದು ಲ್ಯಾಟಿನ್ನಿನ ಹಾಗೆಯೇ ಪುಲ್ಲಿಂಗ. ಇಲ್ಲಿ ಅಪವಾದವೇ ಹಳೆಯ ನಿಯಮ.

ಕಲಿಯುವವರನ್ನು ದಾರಿ ತಪ್ಪಿಸುವ ಇನ್ನೊಂದು ಜಾಗವಿದೆ, ಅದು ಪದದ ಕೊನೆಯಲ್ಲಲ್ಲ, ಮೊದಲಲ್ಲಿ. ಸ್ವರದಿಂದ ಶುರುವಾಗುವ ಪದದ ಮುಂದೆ ‘ಲೆ’ಯೂ ‘ಲಾ’ವೂ ತಮ್ಮ ಸ್ವರ ಕಳೆದುಕೊಂಡು ಬರಿಯ ‘ಲ್’ ಆಗುತ್ತವೆ. ‘ಲಿಮಾಜ್’, ‘ಲೊರಾಜ್’ ಎಂದು ಕೇಳಿದವರಿಗೆ ಚಿತ್ರ ಸ್ತ್ರೀಲಿಂಗ, ಗುಡುಗು ಮಳೆ ಪುಲ್ಲಿಂಗ ಎಂಬ ಸುಳಿವೇ ಸಿಗುವುದಿಲ್ಲ. ಫ್ರೆಂಚರೂ ತಡವರಿಸುವುದುಂಟು: ‘ಎಸ್ಪೆಸ್’, ಬಗೆ, ಸ್ತ್ರೀಲಿಂಗವಾದರೂ ‘ಒಂದು ಬಗೆಯ ಇಂಥದು’ ಎನ್ನುವಾಗ ಮುಂದಿನ ಪದ ಪುಲ್ಲಿಂಗವಾಗಿದ್ದರೆ ‘ಅಂ ಎಸ್ಪೆಸ್’ ಎಂದುಬಿಡುತ್ತಾರೆ.

ಇಂಥ ಪದಗಳಿಗೆ ‘ಬೋ’, ‘ಬೆಲ್’ ಜೋಡಿಯೂ ಕೈಕೊಡುತ್ತದೆ. ಸ್ವರದ ಮುಂದೆ ‘ಬೋ’ ಕೂಡ ‘ಬೆಲ್’ ಎಂದೇ ಕೇಳಿಸುತ್ತದೆ. ಹಾಗಾಗಿ ನನ್ನ ಟಿಪ್ಪಣಿ ಪುಸ್ತಕದಲ್ಲಿ ಸ್ವರಾದಿ ಪದಗಳನ್ನು ಹಿಂದೆ ‘ಅಂ’ ಅಥವಾ ‘ಯುನ್’ ಹಾಕಿ, ಮುಂದೆ ಒಂದು ವಿಶೇಷಣ ಕಟ್ಟಿ ಬರೆದುಕೊಳ್ಳುತ್ತೇನೆ. ಎರಡು ಲಿಂಗಕ್ಕೆ ಎರಡು ಸದ್ದು ಇರುವ, ಹೆಸರಿನ ನಂತರ ಬರುವ ವಿಶೇಷಣವೇ ಆಗಬೇಕು. ‘ಅನ್ ಒರಾಜ್ ವಿಯೊಲಾಂ’, ಉಗ್ರವಾದ ಗುಡುಗು ಮಳೆ. ‘ಯುನ್ ಇಮಾಜ್ ವಿಯೊಲಾಂತ್’, ಉಗ್ರವಾದ ಚಿತ್ರ. ಕೊನೆಯ ಆ ‘ತ್’ ಕೇಳಿಸಿತೆಂದರೆ ಚಿತ್ರ ಅವಳು.