ರಜೆಯ ಚಿಲ್ಲರೆ

ಕ್ಯಾನ್ಸರ್ ಚಿಕಿತ್ಸೆ ಮನೆಯವರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ, ಆದರೆ ಪ್ರತಿದಿನವೂ ಅಲ್ಲ. ಈ ಗುರುವಾರ ಕೀಮೋ, ಆಮೇಲೆ ಎರಡು ಮೂರು ದಿನ ವಾಂತಿ, ಸುಸ್ತು. ಮತ್ತೆ ಕೆಲವು ದಿನ ಪರವಾಗಿಲ್ಲ ಎನ್ನುವ ಸ್ಥಿತಿ. ಅಷ್ಟರಲ್ಲಿ ರಕ್ತಪರೀಕ್ಷೆ, ಇನ್ನೊಂದು ಕೀಮೋ. ಜೊತೆಗಿರಬೇಕಾದ ಗಂಡನಿಗೋ ಹೆಂಡತಿಗೋ ಒಟ್ಟಿಗೆ ಮೂರು ತಿಂಗಳ ರಜೆ ಸಿಕ್ಕರೆ ಅರ್ಧಕ್ಕರ್ಧ ವ್ಯರ್ಥವಾಗುತ್ತದೆ. ಬೇಕಾದದ್ದು ಅಲ್ಲೊಂದು ದಿನ, ಇಲ್ಲೊಂದು ಅರ್ಧ ದಿನ, ಅದೂ ಹತ್ತು ತಿಂಗಳ ಉದ್ದಕ್ಕೂ. ದೊಡ್ಡ ನೋಟನ್ನು ಚಿಲ್ಲರೆ ಮಾಡಿಸಿಕೊಂಡ ಹಾಗೆ, ದೊಡ್ಡ ರಜೆಯನ್ನು ಗಂಟೆಗಳಾಗಿ ಒಡೆಸಿಕೊಳ್ಳಬೇಕು.

ಅಮೆರಿಕದ ಕಾನೂನಿನಲ್ಲಿ ಇದಕ್ಕೆ ದಾರಿ ಇದೆ. 1993ರಲ್ಲಿ ಬಿಲ್ ಕ್ಲಿಂಟನ್ ಸಹಿ ಹಾಕಿದ ಫ್ಯಾಮಿಲಿ ಅಂಡ್ ಮೆಡಿಕಲ್ ಲೀವ್ ಆ್ಯಕ್ಟ್, ಅಂದರೆ ಎಫ್‌ಎಂಎಲ್‌ಎ, ಸಂಗಾತಿಯ ಗಂಭೀರ ಕಾಯಿಲೆಗಾಗಿ ವರ್ಷಕ್ಕೆ 12 ವಾರ ರಜೆ ಕೊಡುತ್ತದೆ. ವೈದ್ಯಕೀಯವಾಗಿ ಅಗತ್ಯವಿದ್ದರೆ ಅದನ್ನು ಬಿಡಿಬಿಡಿಯಾಗಿ ತೆಗೆದುಕೊಳ್ಳಬಹುದು. ಷರತ್ತುಗಳು ಮೂರು: ಆ ಸಂಸ್ಥೆಯಲ್ಲಿ ಕನಿಷ್ಠ 12 ತಿಂಗಳು ಕೆಲಸ ಮಾಡಿರಬೇಕು, ಕಳೆದ 12 ತಿಂಗಳಲ್ಲಿ 1,250 ಗಂಟೆ ದುಡಿದಿರಬೇಕು, ಕೆಲಸದ ಜಾಗದ 75 ಮೈಲಿ ಸುತ್ತಳತೆಯಲ್ಲಿ ಆ ಸಂಸ್ಥೆಗೆ 50 ನೌಕರರಾದರೂ ಇರಬೇಕು. ರಜೆಗೆ ಸಂಬಳವಿಲ್ಲ. ಆದರೆ ಕೆಲಸ ಉಳಿಯುತ್ತದೆ, ಆರೋಗ್ಯ ವಿಮೆ ಮೊದಲಿನ ಷರತ್ತಿನಲ್ಲೇ ಮುಂದುವರಿಯುತ್ತದೆ. ಎಚ್-1ಬಿ ವೀಸಾದಲ್ಲಿರುವ ಕನ್ನಡಿಗನಿಗೆ ಸಂಬಳಕ್ಕಿಂತ ಈ ಎರಡೇ ದೊಡ್ಡವು. ಕೆಲಸ ಹೋದರೆ ವೀಸಾಕ್ಕೂ ಕುತ್ತು, ಹೆಂಡತಿಯ ಚಿಕಿತ್ಸೆಗೆ ಹಣ ಕಟ್ಟುತ್ತಿರುವ ವಿಮೆಗೂ ಕುತ್ತು. ತಾನಾಗಿ ಕೇಳಿ ಪಡೆದ ಇಂಥ ಸಂಬಳರಹಿತ ರಜೆಯಿಂದ ವೀಸಾದ ವೇತನ ನಿಯಮ ಮುರಿದಂತಾಗುವುದಿಲ್ಲ ಎಂಬುದನ್ನು ಅನೇಕರು ತಿಳಿದಿರುವುದಿಲ್ಲ.

ಲೆಕ್ಕ ಅರ್ಥವಾಗಲು ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ಗಂಡ ಟೆಕ್ಸಸ್‌ನ ಡಲ್ಲಾಸ್ ಬಳಿ ಸಾಫ್ಟ್‌ವೇರ್ ಎಂಜಿನಿಯರ್, ವಾರಕ್ಕೆ 40 ಗಂಟೆ ಕೆಲಸ. ಹೆಂಡತಿಗೆ ಸ್ತನ ಕ್ಯಾನ್ಸರ್. ಡಾಕ್ಟರು ಹೇಳಿದ ಕ್ರಮ ಇದು: ಎರಡು ವಾರಕ್ಕೊಮ್ಮೆಯಂತೆ ನಾಲ್ಕು ಸಲ ಎಸಿ ಎಂದು ಕರೆಯುವ ಕೀಮೋ, ನಂತರ 12 ವಾರ ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸಲ್, ಆಮೇಲೆ ಶಸ್ತ್ರಚಿಕಿತ್ಸೆ, ಕೊನೆಗೆ ಮೂರು ವಾರಗಳಲ್ಲಿ 15 ಸಲ ರೇಡಿಯೇಷನ್. ಕೀಮೋ ಒಂದಕ್ಕೇ 20 ವಾರ. ಮೊದಲ ದಿನದಿಂದ ಒಟ್ಟಿಗೆ ರಜೆ ಹಾಕಿದರೆ 12 ವಾರ ಮುಗಿಯುವ ಹೊತ್ತಿಗೆ ಪ್ಯಾಕ್ಲಿಟ್ಯಾಕ್ಸಲ್ ನಾಲ್ಕನೇ ವಾರದಲ್ಲಿರುತ್ತದೆ. ಆಪರೇಷನ್ ದಿನ ರಜೆಯೇ ಇರುವುದಿಲ್ಲ.

ಅದೇ 12 ವಾರವನ್ನು ಗಂಟೆಗೆ ಒಡೆದರೆ 480 ಗಂಟೆ. ಎಸಿ ಕೊಡುವ ಗುರುವಾರ ಮತ್ತು ಮರುದಿನ ಪೂರ್ತಿ ರಜೆ: ನಾಲ್ಕು ಸಲಕ್ಕೆ 64 ಗಂಟೆ. ಪ್ಯಾಕ್ಲಿಟ್ಯಾಕ್ಸಲ್ ದಿನ ಐದು ಗಂಟೆಯಂತೆ 60. ಆಪರೇಷನ್‌ಗೆ ಎರಡು ವಾರ ಪೂರ್ತಿ, 80. ರೇಡಿಯೇಷನ್‌ಗೆ ಕರೆದೊಯ್ದು ತರಲು ದಿನಕ್ಕೆ ಎರಡು ಗಂಟೆ, 30. ಸ್ಕ್ಯಾನು, ಡಾಕ್ಟರ ಭೇಟಿಗಳಿಗೆ ಇನ್ನೊಂದು 30. ಒಟ್ಟು 264. ಉಳಿದ 216 ಗಂಟೆ, ಅಂದರೆ 27 ದಿನ, ಮುಂಚೆ ಗೊತ್ತಾಗದ ತೊಂದರೆಗಳಿಗೆ. ಅವು ಬಂದೇ ಬರುತ್ತವೆ. ಕೀಮೋ ಆದ ಮೇಲೆ ಬಿಳಿರಕ್ತಕಣ ಇಳಿಯುವ ದಿನಗಳಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿಯೆಂದು ನೋಡದೆ ಆಸ್ಪತ್ರೆಗೆ ಓಡಬೇಕು. ರಕ್ತಕಣ ಏರದಿದ್ದರೆ ಗುರುವಾರದ ಕೀಮೋ ಮುಂದಿನ ವಾರಕ್ಕೆ ಹೋಗುತ್ತದೆ, ಜೊತೆಗೆ ರಜೆಯ ದಿನವೂ ಹೋಗುತ್ತದೆ.

ಈ ರಜೆ ಸುಸೂತ್ರವಾಗಿ ನಡೆಯುವುದೋ ಜಗಳಕ್ಕೆ ತಿರುಗುವುದೋ ಎಂಬುದು ಬಹುಮಟ್ಟಿಗೆ ಡಾಕ್ಟರು ತುಂಬಿಕೊಡುವ ಒಂದು ಫಾರಂ ಮೇಲೆ ನಿಂತಿದೆ. ಕಾರ್ಮಿಕ ಇಲಾಖೆಯ ಈ ಫಾರಂ ಹೆಸರು ಡಬ್ಲ್ಯುಎಚ್-380-ಎಫ್. ಕೊನೆಯ ‘ಎಫ್’ ಕುಟುಂಬದವರ ಕಾಯಿಲೆಗೆ. ನೌಕರನ ಸ್ವಂತ ಕಾಯಿಲೆಗೆ ‘ಇ’ ಎಂಬ ಬೇರೆ ಫಾರಂ. ರಜೆ ಬೇಕೆಂದು ತಿಳಿಸಿದ ಐದು ಕೆಲಸದ ದಿನಗಳೊಳಗೆ ಎಚ್‌ಆರ್ ನಿಮಗೆ ಅರ್ಹತೆ ಇದೆಯೋ ಇಲ್ಲವೋ ಹೇಳಬೇಕು. ಫಾರಂ ತುಂಬಿಸಿ ಕೊಡಲು ನಿಮಗೆ ಕನಿಷ್ಠ 15 ದಿನ. ಅದರಲ್ಲಿ ಕೊರತೆಯಿದ್ದರೆ ಏನು ಕೊರತೆ ಎಂದು ಎಚ್‌ಆರ್ ಬರೆದು ತಿಳಿಸಿ, ಸರಿಪಡಿಸಲು ಏಳು ದಿನ ಕೊಡಬೇಕು.

ಎಡವುವುದು ಒಂದೇ ಜಾಗದಲ್ಲಿ. ಆಸ್ಪತ್ರೆಯಲ್ಲಿ ದಿನಕ್ಕೆ ಇಂಥ ಎಷ್ಟೋ ಫಾರಂ ತುಂಬುವವರು ಎಷ್ಟು ಸಲ ರಜೆ ಬೇಕು ಎಂಬ ಕಡೆ ‘ಅಗತ್ಯವಿದ್ದಾಗ’ ಎಂದು ಬರೆದು ಕಳಿಸಿಬಿಡುತ್ತಾರೆ. ಎಚ್‌ಆರ್ ಅದನ್ನು ವಾಪಸ್ ಕಳಿಸುತ್ತದೆ, ಹಾಗೆ ಕಳಿಸುವ ಹಕ್ಕು ಅದಕ್ಕಿದೆ. ಅಲ್ಲಿ ಬೇಕಾದದ್ದು ಎರಡು ಬೇರೆ ಬೇರೆ ಮಾತು. ಒಂದು, ನಿಗದಿಯಾದ ಚಿಕಿತ್ಸೆಯ ದಿನಗಳು ಮತ್ತು ಪ್ರತಿ ಸಲ ಎಷ್ಟು ಹೊತ್ತು ಎಂಬುದು. ಇನ್ನೊಂದು, ಹೇಳದೆ ಬರುವ ತೊಂದರೆಗಳ ಅಂದಾಜು: ತಿಂಗಳಿಗೆ ಎಷ್ಟು ಸಲ, ಒಂದೊಂದು ಸಲ ಎಷ್ಟು ದಿನ. ನಮ್ಮ ಉದಾಹರಣೆಯಲ್ಲಿ ‘ತಿಂಗಳಿಗೆ ಎರಡು ಸಲದವರೆಗೆ, ಪ್ರತಿ ಸಲ ಎರಡು ದಿನದವರೆಗೆ’ ಎಂದರೆ ಸರಿಹೋಗುತ್ತದೆ. ಕೇಳಲು ಸಂಕೋಚವೆಂದು ತಿಂಗಳಿಗೆ ಒಂದೇ ದಿನ ಬರೆಸಿ, ಆಮೇಲೆ ನಾಲ್ಕು ದಿನ ಹೋಗದಿದ್ದರೆ, ಪರಿಸ್ಥಿತಿ ಬದಲಾಗಿದೆ ಎಂದು ಎಚ್‌ಆರ್ ನಡುವೆಯೇ ಹೊಸ ಫಾರಂ ಕೇಳಬಹುದು. ಚಿಕಿತ್ಸೆ ಉದ್ದವಾದರೆ ಆರು ತಿಂಗಳಿಗೊಮ್ಮೆ ಹೇಗೂ ಹೊಸತು ಕೇಳಬಹುದು. ಅದಕ್ಕೇ ಫಾರಂ ಅನ್ನು ಡಾಕ್ಟರ ಕೈಗೆ ಕೊಡುವಾಗ, ಮೇಲೆ ಹಾಕಿದಂಥ ಗಂಟೆಗಳ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗಿಡುವುದು ಜಾಣತನ. ಸರಿಯೋ ತಪ್ಪೋ ಡಾಕ್ಟರು ನೋಡಿಕೊಳ್ಳುತ್ತಾರೆ, ಖಾಲಿ ಜಾಗವಂತೂ ಉಳಿಯುವುದಿಲ್ಲ.

ಇಲ್ಲಿ ಇನ್ನೊಂದು ಗೆರೆ ಎಳೆದುಕೊಳ್ಳಬೇಕು. ರಜೆಗೆ ಹಕ್ಕು ಇದೆಯೇ ಎಂಬುದು ಎಚ್‌ಆರ್ ಜೊತೆಗಿನ ವಿಷಯ. ರಜೆ ಯಾವ ದಿನ ಎಂಬುದು ಮ್ಯಾನೇಜರ್ ಜೊತೆಗಿನ ವಿಷಯ. ಈ ಎರಡನ್ನು ಬೆರೆಸಿದಾಗಲೇ ತಕರಾರು ಶುರು. ಫಾರಂನಲ್ಲಿ ಏನೋ ಸ್ಪಷ್ಟವಿಲ್ಲವೆಂದು ಆಸ್ಪತ್ರೆಗೆ ಫೋನ್ ಮಾಡಬೇಕಾದರೆ, ಮೊದಲು ನಿಮಗೆ ಸರಿಪಡಿಸಲು ಅವಕಾಶ ಕೊಟ್ಟ ನಂತರ, ಎಚ್‌ಆರ್‌ನವರು ಮಾಡಬಹುದು. ನೇರ ಮೇಲಧಿಕಾರಿ ಮಾತ್ರ ಎಂದೂ ಮಾಡುವಂತಿಲ್ಲ, ಕಾನೂನೇ ತಡೆಯುತ್ತದೆ. ಹೆಂಡತಿಗೆ ಯಾವ ಹಂತದ ಕ್ಯಾನ್ಸರ್ ಎಂದು ಮ್ಯಾನೇಜರ್‌ಗೆ ವಿವರಿಸುವ ಅಗತ್ಯವಿಲ್ಲ. ಅವರಿಗೆ ಬೇಕಾದದ್ದು ಕ್ಯಾಲೆಂಡರ್.

ಕ್ಯಾಲೆಂಡರ್ ವಿಷಯದಲ್ಲಿ ಮಾತ್ರ ನೌಕರನೂ ಬಗ್ಗಬೇಕು. ಮುಂಚೆಯೇ ಗೊತ್ತಿರುವ ಚಿಕಿತ್ಸೆಗೆ 30 ದಿನ ಮೊದಲು, ಅಷ್ಟು ಸಮಯವಿಲ್ಲದಿದ್ದರೆ ಗೊತ್ತಾದ ಕೂಡಲೇ ತಿಳಿಸಬೇಕು. ಸಂಸ್ಥೆಯ ಕೆಲಸಕ್ಕೆ ಅತಿಯಾದ ತೊಂದರೆಯಾಗದಂತೆ ದಿನ ಹೊಂದಿಸಲು ಪ್ರಾಮಾಣಿಕವಾಗಿ ಪ್ರಯತ್ನಿಸಬೇಕು. ಮ್ಯಾನೇಜರ್, ‘ಗುರುವಾರ ನಮ್ಮ ರಿಲೀಸ್, ಶುಕ್ರವಾರಕ್ಕೆ ಆಗುತ್ತದೆಯೇ?’ ಎಂದು ಕೇಳಿದರೆ ಅದು ಅನ್ಯಾಯದ ಪ್ರಶ್ನೆಯಲ್ಲ. ಡಾಕ್ಟರನ್ನು ಕೇಳಬಹುದು. ಶುಕ್ರವಾರ ಕೀಮೋ ಆದರೆ ಕಷ್ಟದ ದಿನಗಳು ಶನಿವಾರ, ಭಾನುವಾರಕ್ಕೆ ಬೀಳುತ್ತವೆ. ನಮ್ಮ ಲೆಕ್ಕದಲ್ಲಿ ಪ್ರತಿ ಸಲ ಎಂಟು ಗಂಟೆ ಉಳಿಯುತ್ತದೆ. ಆದರೆ ವಾರಾಂತ್ಯದಲ್ಲಿ ಕ್ಲಿನಿಕ್ ಮುಚ್ಚಿರುತ್ತದೆ, ವಾಂತಿ ಹೆಚ್ಚಾದರೆ ಎಮರ್ಜೆನ್ಸಿಯೇ ಗತಿ. ಡಾಕ್ಟರು ಬೇಡ ಎಂದರೆ ಅಲ್ಲಿಗೆ ಮುಗಿಯಿತು, ಚಿಕಿತ್ಸೆಯ ದಿನ ತೀರ್ಮಾನಿಸುವವರು ಅವರು. ನಿಗದಿತ ಚಿಕಿತ್ಸೆಯ ಅವಧಿಗೆ ಸಂಸ್ಥೆ ನಿಮ್ಮನ್ನು ತಾತ್ಕಾಲಿಕವಾಗಿ ಬೇರೆ ಹುದ್ದೆಗೆ ಹಾಕಬಹುದು, ಆದರೆ ಸಂಬಳ ಮತ್ತು ಸೌಲಭ್ಯ ಸರಿಸಮ ಇರಬೇಕು.

ಮಾತುಕತೆಯಲ್ಲಿ ಮರೆತುಹೋಗುವುದು ಕೆಲಸದ ಹೊರೆ. ವಾರದಲ್ಲಿ 40ರ ಬದಲು 24 ಗಂಟೆ ಕೆಲಸ ಮಾಡುವ ವಾರಕ್ಕೆ 40 ಗಂಟೆಯ ಕೆಲಸವೇ ಹಂಚಿದ್ದರೆ, ರಜೆ ಕಾಗದದಲ್ಲಿ ಮಾತ್ರ. ಉಳಿದದ್ದನ್ನು ಅವನು ರಾತ್ರಿ ಕೂತು ಮುಗಿಸುತ್ತಾನೆ, ಆದರೂ 16 ಗಂಟೆ ರಜೆ ಖರ್ಚಾಗಿರುತ್ತದೆ. ಹಾಗಾಗಿ ಮೊದಲ ಮಾತುಕತೆಯಲ್ಲೇ ಕೀಮೋ ವಾರದಲ್ಲಿ ಯಾವ ಕೆಲಸ ಯಾರಿಗೆ, ರಾತ್ರಿ ಆನ್‌ಕಾಲ್ ಸರದಿ ಯಾರದು ಎಂದು ಹೆಸರು ಹಿಡಿದು ನಿರ್ಧರಿಸಿ, ಮಾತಾಡಿದ್ದನ್ನು ಅದೇ ದಿನ ಇಮೇಲ್‌ನಲ್ಲಿ ಬರೆದಿಡಬೇಕು. ಕೀಮೋ ಕುರ್ಚಿಯ ಪಕ್ಕ ಕೂತು ಎರಡು ಗಂಟೆ ಕೆಲಸ ಮಾಡಿದ್ದರೆ ಆ ಎರಡು ಗಂಟೆ ಕೆಲಸವೇ. ಅದನ್ನು ರಜೆಗೆ ಬರೆಯುವಂತಿಲ್ಲ. ರಜೆಯನ್ನು ಒಂದು ಗಂಟೆಗಿಂತ ದೊಡ್ಡ ತುಂಡುಗಳಲ್ಲಿ ಲೆಕ್ಕ ಹಾಕಿ, ಒಂದೂವರೆ ಗಂಟೆಗೆ ಅರ್ಧ ದಿನ ಕತ್ತರಿಸುವುದಕ್ಕೂ ಅವಕಾಶವಿಲ್ಲ. ತನ್ನದೇ ಒಂದು ಪಟ್ಟಿ ಇಟ್ಟುಕೊಂಡು ತಿಂಗಳಿಗೊಮ್ಮೆ ಎಚ್‌ಆರ್ ಲೆಕ್ಕದ ಜೊತೆ ತಾಳೆ ನೋಡಿದರೆ ಇಂಥವು ಬೇಗ ಕಣ್ಣಿಗೆ ಬೀಳುತ್ತವೆ.

ಜ್ವರ ಬಂದ ಬೆಳಿಗ್ಗೆ ‘ಇವತ್ತು ಬರಲಾಗುವುದಿಲ್ಲ’ ಎಂಬ ಮೆಸೇಜ್ ಸಾಲದು. ಈಗಾಗಲೇ ಮಂಜೂರಾದ ರಜೆಯ ಕಾರಣಕ್ಕೇ, ಇಲ್ಲವೇ ಎಫ್‌ಎಂಎಲ್‌ಎ ರಜೆ ಎಂದೇ ಹೇಳಬೇಕು, ಮತ್ತು ಸಂಸ್ಥೆಯಲ್ಲಿ ಗೈರುಹಾಜರಿ ತಿಳಿಸುವ ಕ್ರಮವೇನಿದೆಯೋ ಅದರಂತೆಯೇ ತಿಳಿಸಬೇಕು. ಇಲ್ಲದಿದ್ದರೆ ಆ ದಿನ ಸಾಮಾನ್ಯ ಗೈರುಹಾಜರಿಯಾಗಿ ಬಿದ್ದು ವರ್ಷದ ಮೌಲ್ಯಮಾಪನದಲ್ಲಿ ತಲೆ ಎತ್ತುತ್ತದೆ. ಸರಿಯಾಗಿ ದಾಖಲಾದ ರಜೆಯನ್ನು ಮೌಲ್ಯಮಾಪನದಲ್ಲಿ ನೌಕರನ ವಿರುದ್ಧ ಬಳಸುವುದು ಕಾನೂನುಬಾಹಿರ.

ದುಡ್ಡಿನ ಲೆಕ್ಕದಲ್ಲಿ ಹಲವರಿಗೆ ಒಂದು ತಪ್ಪು ತಿಳಿವಳಿಕೆ ಇರುತ್ತದೆ. ತನ್ನ ಹತ್ತಿರ 20 ದಿನದ ಸಂಬಳಸಹಿತ ರಜೆ ಇದೆ, ಅದು ಮುಗಿದ ಮೇಲೆ 12 ವಾರ ಶುರುವಾಗುತ್ತದೆ ಎಂದುಕೊಳ್ಳುತ್ತಾರೆ. ಎರಡೂ ಒಟ್ಟಿಗೇ ಓಡುವಂತೆ ಸಂಸ್ಥೆ ಹೇಳಬಹುದು, ಬಹಳಷ್ಟು ಕಡೆ ಹೇಳುತ್ತಾರೆ ಕೂಡ. ಆಗ ನಮ್ಮ 264 ಗಂಟೆಯಲ್ಲಿ ಮೊದಲ 160ಕ್ಕೆ ಸಂಬಳ ಬರುತ್ತದೆ, ಉಳಿದ 104ಕ್ಕೆ, ಅಂದರೆ 13 ದಿನಕ್ಕೆ, ಬರುವುದಿಲ್ಲ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್, ವಾಷಿಂಗ್ಟನ್‌ನಂಥ ರಾಜ್ಯಗಳಲ್ಲಿ ಇದರ ಜೊತೆಗೆ ಕುಟುಂಬ ರಜೆಗೆ ಭಾಗಶಃ ಹಣ ಕೊಡುವ ರಾಜ್ಯದ ಯೋಜನೆ ಇದೆ. ಟೆಕ್ಸಸ್‌ನಲ್ಲಿ ಇಲ್ಲ.

480 ಗಂಟೆಯೂ ಮುಗಿದರೆ? ವರ್ಷವನ್ನು ಹೇಗೆ ಎಣಿಸುತ್ತಾರೆ ಎಂಬುದನ್ನು ಎಚ್‌ಆರ್‌ನಲ್ಲಿ ಕೇಳಿಕೊಳ್ಳಬೇಕು. ಕ್ಯಾಲೆಂಡರ್ ವರ್ಷವಾದರೆ ಜನವರಿ 1ಕ್ಕೆ ಹೊಸ 12 ವಾರ. ಸೆಪ್ಟೆಂಬರ್‌ನಲ್ಲಿ ಚಿಕಿತ್ಸೆ ಶುರುವಾದವರಿಗೆ ಇದು ದೊಡ್ಡ ಆಸರೆ. ಬಳಸಿದ ದಿನದಿಂದ ಹಿಂದಕ್ಕೆ 12 ತಿಂಗಳು ಎಣಿಸುವ ಪದ್ಧತಿಯಾದರೆ, ಈ ವರ್ಷ ಬಳಸಿದ ಗಂಟೆಗಳು ಮುಂದಿನ ವರ್ಷ ಅದೇ ದಿನಗಳು ದಾಟಿದ ಹಾಗೆ ಒಂದೊಂದಾಗಿ ಮರಳುತ್ತವೆ. ಅಲ್ಲಿಯವರೆಗೆ ಸಿಗುವುದೆಲ್ಲ ಸಂಸ್ಥೆಯ ಇಚ್ಛೆ. ಅಂಗವಿಕಲರ ಹಕ್ಕಿನ ಅಮೆರಿಕದ ಕಾನೂನು ಸ್ವತಃ ಕಾಯಿಲೆಯಿರುವ ನೌಕರರಿಗೆ ಕೆಲಸದಲ್ಲಿ ಅನುಕೂಲ ಮಾಡಿಕೊಡಲು ಹೇಳುತ್ತದೆ; ಅವರನ್ನು ನೋಡಿಕೊಳ್ಳುವವರಿಗೆ ಆ ಅನುಕೂಲ ಕೊಡಬೇಕೆನ್ನುವುದಿಲ್ಲ. ಮನೆಯಿಂದ ಕೆಲಸ, ವೈಯಕ್ತಿಕ ರಜೆ, ಕಡಿಮೆ ಗಂಟೆಯ ಕೆಲಸ ಇವನ್ನೆಲ್ಲ ಕೇಳಬೇಕಾದದ್ದು ಗಂಟೆಗಳು ಇನ್ನೂ ಕೈಯಲ್ಲಿರುವಾಗ, ಉದಾಹರಣೆಗೆ ನೂರು ಉಳಿದಿರುವಾಗ. ಮುಗಿದ ಮೇಲೆ ಕೇಳುವವನ ಕೈಯಲ್ಲಿ ಕಾನೂನು ಇರುವುದಿಲ್ಲ.

ಬೆಂಗಳೂರಿನ ಖಾಸಗಿ ನೌಕರನಿಗೆ ಇಂಥ ಕಾನೂನೇ ಇಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 20 ದಿನದ ಕೆಲಸಕ್ಕೆ ಒಂದು ದಿನದಂತೆ ಗಳಿಕೆ ರಜೆ ಕೊಡುತ್ತದೆ. ಅದರ ಕಾಯಿಲೆ ರಜೆ ನೌಕರನ ಸ್ವಂತ ಕಾಯಿಲೆಗೆ, ಅಪಘಾತಕ್ಕೆ ಅಥವಾ ಬೇರೆ ಸಮಂಜಸ ಕಾರಣಕ್ಕೆ. ಹೆಂಡತಿಯ ಕೀಮೋಗೆ ಈ ರಜೆಗಳು, ಸಂಸ್ಥೆಯ ನೀತಿ, ಮ್ಯಾನೇಜರ್ ಮರ್ಜಿ ಇಷ್ಟೇ ಆಧಾರ. ಆದರೂ ‘ಹೆಂಡತಿಗೆ ಹುಷಾರಿಲ್ಲ ಸಾರ್, ಆಗಾಗ ರಜೆ ಬೇಕಾಗಬಹುದು’ ಎನ್ನುವುದಕ್ಕೂ, ಡಾಕ್ಟರ ಪತ್ರದ ಜೊತೆ ಯಾವ ದಿನ ಎಷ್ಟು ಗಂಟೆ ಎಂದು ಬರೆದ ಒಂದು ಹಾಳೆಯನ್ನು ಮುಂದಿಡುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದಕ್ಕೆ ಮ್ಯಾನೇಜರ್ ‘ನೋಡೋಣ’ ಎಂದು ಹೇಳಿ ಸುಮ್ಮನಾಗಬಹುದು. ಎರಡನೆಯದಕ್ಕೆ ಹೌದು ಅಥವಾ ಇಲ್ಲ ಎಂದು ಹೇಳಲೇಬೇಕಾಗುತ್ತದೆ.